ಕಾರ್ಡಿನಲ್ಲಿ 30, ಭಾನುವಾರ ಮಾತ್ರ 31

2025ರ ಗಣೇಶನ ಹಬ್ಬಕ್ಕೆ ನಮ್ಮ ಬಡಾವಣೆಯ ಸಮಿತಿಯ ಕಾರ್ಯದರ್ಶಿ ನಾನೇ. ಆಹ್ವಾನ ಪತ್ರಿಕೆ 600 ಅಚ್ಚು ಹಾಕಿಸಿದ್ದೆವು. ಆಗಸ್ಟ್ 17ರ ಭಾನುವಾರ ಸಂಜೆ ಎದುರುಮನೆ ಅಕ್ಕ ಗೇಟಿನ ಹತ್ತಿರ ನಿಂತು ಕೇಳಿದರು, "ಏನಪ್ಪಾ, ವಿಸರ್ಜನೆ ಶನಿವಾರಾನೋ ಭಾನುವಾರಾನೋ? ಕಾರ್ಡಲ್ಲಿ 30ನೇ ತಾರೀಖು ಭಾನುವಾರ ಅಂತಿದೆ, ನಮ್ಮನೆ ಕ್ಯಾಲೆಂಡರಲ್ಲಿ 30 ಶನಿವಾರ." ನಾನು ನಕ್ಕುಬಿಟ್ಟೆ. ಒಳಗೆ ಹೋಗಿ ಕಾರ್ಡು ತೆಗೆದು ನೋಡಿದ ಮೇಲೆ ನಗು ನಿಂತಿತು.

ಪೂರ್ತಿ ತಪ್ಪಿದ್ದಿದ್ದರೆ ಇಷ್ಟು ತಲೆನೋವು ಇರುತ್ತಿರಲಿಲ್ಲ. ಇದು ಅರ್ಧ ಸರಿ, ಅರ್ಧ ತಪ್ಪು. ವಾರ ನೋಡುವವರು ಭಾನುವಾರ ಬರುತ್ತಾರೆ, ತಾರೀಖು ನೋಡುವವರು ಶನಿವಾರ ಬರುತ್ತಾರೆ. ಇಬ್ಬರಿಗೂ ತಾವು ನೋಡಿದ್ದೇ ಸರಿ. ಯಾರಿಗೂ ಅನುಮಾನ ಬರುವುದಿಲ್ಲ, ಹಾಗಾಗಿ ಫೋನ್ ಮಾಡಿ ಕೇಳುವವರೂ ಇಲ್ಲ. ಅಕ್ಕ ಕೇಳಿದ್ದು ನಮ್ಮ ಪುಣ್ಯ.

ಹೇಗಾಯಿತು ಅಂತ ಹೇಳುತ್ತೇನೆ, ಯಾಕೆಂದರೆ ಮುಂದೆ ಪ್ರಕಟಣೆಯಲ್ಲಿ ಏನು ಬರೆದೆವು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇದೆ. ನಮ್ಮಲ್ಲಿ ಐದನೇ ದಿನಕ್ಕೆ ವಿಸರ್ಜನೆ. ಆ ವರ್ಷ ಗೌರಿ ಹಬ್ಬ 26ರ ಮಂಗಳವಾರ, ಗಣೇಶ ಚೌತಿ 27ರ ಬುಧವಾರ. ಮೊದಲ ಮೀಟಿಂಗಿನಲ್ಲಿ ಗೌರಿಯಿಂದ ಎಣಿಸಿ 30 ಅಂತ ಬರೆದುಕೊಂಡೆವು. ಆಮೇಲೆ ಒಬ್ಬರು ಹಿರಿಯರು, "ಗಣಪತಿ ಕೂರಿಸಿದ ದಿನದಿಂದ ಎಣಿಸ್ರಯ್ಯ" ಅಂದರು. ಹಾಗೆ ಎಣಿಸಿದರೆ 31, ಭಾನುವಾರ. ಎಲ್ಲರಿಗೂ ರಜೆ ಬೇರೆ, ಒಪ್ಪಿಬಿಟ್ಟೆವು. ಅಷ್ಟರಲ್ಲಿ ಮ್ಯಾಟರ್ ಪ್ರೆಸ್ಸಿಗೆ ಹೋಗಿಯಾಗಿತ್ತು. ನಾನು ಬಸ್ಸಿನಲ್ಲಿದ್ದವನು ಫೋನ್ ಮಾಡಿ, "ಅಣ್ಣ, ವಿಸರ್ಜನೆ ಶನಿವಾರ ಬೇಡ, ಭಾನುವಾರ ಮಾಡಿ" ಅಂದೆ. ಅವರು ಶನಿವಾರ ತೆಗೆದು ಭಾನುವಾರ ಮಾಡಿದರು. ನಾನು ಹೇಳಿದ್ದನ್ನೇ ಮಾಡಿದರು. ತಾರೀಖು ಬದಲಿಸಿ ಅಂತ ನಾನು ಹೇಳಲೇ ಇಲ್ಲ. ವಾಟ್ಸಾಪಿನಲ್ಲಿ ಪ್ರೂಫ್ ಬಂದಾಗ ನಾನು ನೋಡಿದ್ದು ದಾನಿಗಳ ಹೆಸರು, ಇನಿಶಿಯಲ್ಲು, ಯಾರ ಹೆಸರು ಯಾರ ಕೆಳಗೆ ಬಂದಿದೆ ಅನ್ನೋದು. ಜಗಳ ಹುಟ್ಟುವುದು ಅಲ್ಲೇ ಅಲ್ವಾ. ತಾರೀಖಿನ ಸಾಲಿನ ಮೇಲೆ ಕಣ್ಣು ಹಾಯಿಸಿ, "ಓಕೆ ಅಣ್ಣ, ಹಾಕಿ" ಅಂತ ಕಳಿಸಿಬಿಟ್ಟೆ.

ಅವತ್ತು ರಾತ್ರಿಯೇ ಐದಾರು ಜನ ಸೇರಿದೆವು. ಅಧ್ಯಕ್ಷರ ಮೊದಲ ಮಾತು, "ಪ್ರೆಸ್ಸಿನವರ ತಪ್ಪು ಅಂತ ಒಂದು ಸಾಲು ಹಾಕ್ರಿ, ಮುಗೀತು, ನಮಗ್ಯಾಕೆ ಮುಜುಗರ." ನಾನು ಮೊಬೈಲ್ ತೆಗೆದು ಆ 'ಓಕೆ ಅಣ್ಣ'ವನ್ನು ತೋರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಕರಡು ಬರೆದರು:

"ಮುದ್ರಣ ದೋಷದಿಂದಾಗಿ ಆಹ್ವಾನ ಪತ್ರಿಕೆಯಲ್ಲಿ ದಿನಾಂಕ 30-08-2025 ಎಂದು ತಪ್ಪಾಗಿ ಪ್ರಕಟವಾಗಿದ್ದು, ಅದನ್ನು 31-08-2025 ಎಂದು ಓದಿಕೊಳ್ಳಬೇಕಾಗಿ ಭಕ್ತಾದಿಗಳಲ್ಲಿ ಕೋರಲಾಗಿದೆ."

ಎಲ್ಲರೂ ಬರೆಯುವುದೇ ಹೀಗೆ. ನೋಡುವುದಕ್ಕೆ ಯಾರನ್ನೂ ಬೈದಂತೆ ಇಲ್ಲ. ಆದರೆ 'ಮುದ್ರಣ ದೋಷ' ಅಂದರೆ ಊರಿನವರು ಓದಿಕೊಳ್ಳುವುದು 'ಪ್ರೆಸ್ಸಿನವನ ತಪ್ಪು' ಅಂತಲೇ. ನಮ್ಮಂಥ ಸಣ್ಣ ಊರಿನಲ್ಲಿ ಪ್ರೆಸ್ ಇರುವುದು ಎರಡೋ ಮೂರೋ. ಯಾವ ಪ್ರೆಸ್ ಅಂತ ಹೆಸರು ಹಾಕಬೇಕಾಗಿಯೇ ಇಲ್ಲ, ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಮದುವೆ ಕಾರ್ಡು ಮಾಡಿಸಲು ಹೋಗುವವರು ಅದನ್ನು ನೆನಪಿಟ್ಟುಕೊಳ್ಳುತ್ತಾರೆ. 'ಕಣ್ತಪ್ಪಿನಿಂದ' ಅನ್ನುವ ಪದ ಇದಕ್ಕಿಂತ ವಾಸಿ, ಆದರೆ ಯಾರ ಕಣ್ಣು ಅನ್ನೋದು ಅಲ್ಲಿಯೂ ತೇಲಿ ಹೋಗುತ್ತದೆ.

ಕರಡಿನಲ್ಲಿ ಇನ್ನೊಂದು ದೊಡ್ಡ ತೊಂದರೆ ಇತ್ತು. ಮೊದಲು ಬರುವುದು ತಪ್ಪು ತಾರೀಖು. ಓದುವವನು ಅರ್ಧಕ್ಕೆ ಬಿಟ್ಟರೆ ಅವನ ತಲೆಯಲ್ಲಿ 30 ಇನ್ನೂ ಗಟ್ಟಿಯಾಗುತ್ತದೆ. ನಾನು ಅದನ್ನು ನನ್ನ ಅಮ್ಮನಿಗೆ ಓದಿ ಹೇಳಿ, "ಯಾವತ್ತು ಹೋಗ್ತೀಯಮ್ಮ?" ಅಂದೆ. "ಮೂವತ್ತಕ್ಕಲ್ವೇನೋ" ಅಂದಳು. ಅಲ್ಲಿಗೆ ಆ ಕರಡು ಹೋಯಿತು.

ಕೊನೆಗೆ ನಾವು ಹಾಕಿದ್ದು ಇದು:

"ತಿದ್ದುಪಡಿ. ಗಣಪತಿ ವಿಸರ್ಜನೆ: ಭಾನುವಾರ, ಆಗಸ್ಟ್ 31. ಅನ್ನಸಂತರ್ಪಣೆ ಮಧ್ಯಾಹ್ನ 12.30ಕ್ಕೆ, ಮೆರವಣಿಗೆ ಸಂಜೆ 5ಕ್ಕೆ. ಸಮಯ, ಜಾಗ ಬದಲಾಗಿಲ್ಲ. ನಮ್ಮ ಆಹ್ವಾನ ಪತ್ರಿಕೆಯಲ್ಲಿ ವಾರ ಸರಿಯಿದೆ, ತಾರೀಖು ಮಾತ್ರ 30 ಎಂದಿದೆ. ಅಚ್ಚಿಗೆ ಕೊಡುವ ಮೊದಲು ನಾವು ಸರಿಯಾಗಿ ನೋಡಿಕೊಳ್ಳಲಿಲ್ಲ, ಕ್ಷಮಿಸಿ. ಶನಿವಾರ ಎಂದಿನ ಪೂಜೆ ಮಾತ್ರ ಇರುತ್ತದೆ. ಸಮಿತಿಯ ಪರವಾಗಿ, ಕಾರ್ಯದರ್ಶಿ. 17-08-2025."

ಕೆಳಗೆ ನನ್ನ ಫೋನ್ ನಂಬರು. 'ಸಮಯ, ಜಾಗ ಬದಲಾಗಿಲ್ಲ' ಅನ್ನುವ ಸಾಲು ಬೇಡ ಅಂತ ಒಬ್ಬರು ಹಟ ಹಿಡಿದರು. ನಾನು ಬಿಡಲಿಲ್ಲ. ಒಂದು ತಪ್ಪು ಅಂತ ಗೊತ್ತಾದ ಮೇಲೆ ಜನ ಕಾರ್ಡಿನಲ್ಲಿ ಇರುವ ಎಲ್ಲವನ್ನೂ ಅನುಮಾನಿಸುತ್ತಾರೆ. ಊಟಾನೂ ಸಂಜೆಗೆ ಹೋಯ್ತಾ ಅಂತ ಕೇಳುತ್ತಾರೆ. ಶನಿವಾರ ಏನಿದೆ ಅಂತ ಬರೆದಿದ್ದೂ ಅದಕ್ಕೇ. ಆವತ್ತು ಗಣಪತಿ ಪೆಂಡಾಲಿನಲ್ಲೇ ಇರುತ್ತಾನಲ್ಲ, ಪೂಜೆಗೆ ಬರುವವರನ್ನು ಬರಬೇಡಿ ಅನ್ನುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ಪ್ರೆಸ್ಸಿಗೆ ಹೋದೆ. ಹೊಸ ಕಾರ್ಡು ಬಿಟ್ಟಿ ಹಾಕಿಕೊಡುತ್ತೇನೆ ಅಂದರು ಯಜಮಾನರು, ಪಾಪ ಮುಖ ಸಣ್ಣದು ಮಾಡಿಕೊಂಡು. ನಾನು ಬೇಡ ಅಂದೆ. ದಾಕ್ಷಿಣ್ಯಕ್ಕಲ್ಲ. ಅದೇ ಬಣ್ಣದ ಅದೇ ಗಣಪತಿ ಇರುವ ಎರಡನೇ ಕಾರ್ಡು ಊರಲ್ಲಿ ಓಡಾಡಿದರೆ ಯಾವುದು ಹಳೇದು ಯಾವುದು ಹೊಸದು ಅಂತ ಯಾರಿಗೂ ತಿಳಿಯುವುದಿಲ್ಲ. ಹಂಚದೆ ಉಳಿದಿದ್ದ 380 ಕಾರ್ಡಿಗೆ ಸ್ಟಿಕ್ಕರ್ ಹಾಕುವುದು ಅಂತ ತೀರ್ಮಾನ ಆಯಿತು. ಪೆನ್ನಿನಲ್ಲಿ ತಿದ್ದೋಣ ಅಂತ ಮೊದಲು ನೋಡಿದ್ದೆವು. ಕಾರ್ಡು ನುಣ್ಣಗಿತ್ತು, ಇಂಕು ಹಿಡಿಯದೆ ಕೈಗೆ ಅಂಟಿತು. ವೈಟ್ನರ್ ಹಚ್ಚಿದ್ದು ಒಣಗಿದ ಮೇಲೆ ಉದುರಿತು.

ಸ್ಟಿಕ್ಕರ್ ವಿಚಾರದಲ್ಲಿ ಯಜಮಾನರು ಹೇಳಿದ ಒಂದು ಮಾತು ನನಗೆ ಹೊಳೆದೇ ಇರಲಿಲ್ಲ. ನಾನು 30ರ ಮೇಲೆ ಮಾತ್ರ ಸಣ್ಣದಾಗಿ 31 ಅಂಟಿಸೋಣ ಅಂದಿದ್ದೆ. ಅವರು, "ಅಷ್ಟು ಚಿಕ್ಕದು ಹಾಕಿದ್ರೆ ಜನ ಉಗುರಲ್ಲಿ ಕೆರೆದು ಒಳಗೇನಿದೆ ನೋಡ್ತಾರೆ, ಇಡೀ ಸಾಲು ಮುಚ್ಚಿ" ಅಂದರು. ಹಾಗಾಗಿ 'ಭಾನುವಾರ, 31-08-2025' ಅಂತ ಪೂರ್ತಿ ಸಾಲನ್ನೇ ಸ್ಟಿಕ್ಕರ್ ಮಾಡಿಸಿದೆವು. ಕಾರ್ಡು ಹಳದಿ, ಸ್ಟಿಕ್ಕರ್ ಬಿಳಿ. ಹಳದಿಯಲ್ಲೇ ಮಾಡಿಸೋಣ, ಚೆನ್ನಾಗಿ ಕಾಣುತ್ತೆ ಅಂದರು ಕೆಲವರು. ಎದ್ದು ಕಾಣಲಿ ಅಂತಲೇ ನಾನು ಬಿಳಿಗೆ ಒಪ್ಪಿದ್ದು. ಪಕ್ಕದ ಮನೆಯವರ ಕಾರ್ಡಿಗೂ ತನ್ನ ಕಾರ್ಡಿಗೂ ವ್ಯತ್ಯಾಸ ಕಂಡರೆ ತಾನೇ ಕೇಳುವುದು? ಸ್ಟಿಕ್ಕರಿನ ದುಡ್ಡು ಸಮಿತಿಯೇ ಕೊಟ್ಟಿತು. ಕಾರ್ಡಿನ ಬಿಲ್ಲಿನಲ್ಲೂ ಒಂದು ರೂಪಾಯಿ ಹಿಡಿಯಲಿಲ್ಲ. ಇವರದೇ ತಪ್ಪಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ನೀವು ಕೇಳಬಹುದು. ಆಗ ಬಿಲ್ಲಿನ ಹತ್ತಿರ ಕೂತು ಮಾತಾಡುತ್ತಿದ್ದೆವು. ಪ್ರಕಟಣೆಯ ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ, ಪ್ರೂಫ್ ಒಪ್ಪಿದವರು ನಾವೇ ಆಗಿರುತ್ತಿದ್ದೆವಲ್ಲ.

ಹಂಚಿಯಾಗಿದ್ದ 220 ಕಾರ್ಡಿನ ಕಥೆ ಬೇರೆ. 180 ಮನೆಗಳ ಪಟ್ಟಿ ನೋಟುಬುಕ್ಕಿನಲ್ಲಿ ಇತ್ತು, ಯಾವ ಬೀದಿಗೆ ಯಾರು ಹೋಗಿದ್ದರು ಅಂತಲೂ ಬರೆದಿತ್ತು. ಕಾರ್ಡು ಕೊಟ್ಟ ಹುಡುಗರನ್ನೇ ಮತ್ತೆ ಅದೇ ಬೀದಿಗೆ ಕಳಿಸಿದೆವು, ಕೈಯಲ್ಲಿ ಸ್ಟಿಕ್ಕರ್ ಕೊಟ್ಟು. ಚೀಟಿ ಕೊಟ್ಟು ಬರುವುದಲ್ಲ, ಕಾರ್ಡು ತರಿಸಿ ಅಲ್ಲೇ ಅಂಟಿಸಿ ಬರಬೇಕು ಅಂತ ಹೇಳಿದ್ದೆ. ಚೀಟಿ ಕಳೆದುಹೋಗುತ್ತದೆ, ಕಾರ್ಡು ದೇವರ ಪಟದ ಪಕ್ಕ ಉಳಿಯುತ್ತದೆ. ಬೆಂಗಳೂರಿನಲ್ಲಿರುವ ದಾನಿಗಳಿಗೆ ಫೋನ್ ಮಾಡಿದೆವು. ಮುಖ್ಯ ಅತಿಥಿಗಳ ಮನೆಗೆ ಅಧ್ಯಕ್ಷರೇ ಹೋದರು. ಅಡುಗೆ ಭಟ್ಟರು, ಶಾಮಿಯಾನದವರು, ಠಾಣೆಗೆ ಕೊಟ್ಟ ಮೆರವಣಿಗೆ ಅರ್ಜಿ, ಇವುಗಳನ್ನೂ ಒಂದೊಂದಾಗಿ ನೋಡಿದೆ. ಅರ್ಜಿಯಲ್ಲಿ 31 ಅಂತಲೇ ಇತ್ತು, ದೇವರು ದೊಡ್ಡವನು.

ವಾಟ್ಸಾಪಿನಲ್ಲಿ ಕಾರ್ಡಿನ ಫೋಟೋ ಆಗಲೇ ಎಲ್ಲೆಲ್ಲೋ ಹೋಗಿತ್ತು. ನಮ್ಮ ಗ್ರೂಪಿನಲ್ಲಿ ಹಾಕಿದ್ದಕ್ಕೆ ವಾರ ಕಳೆದಿತ್ತು, ಅಷ್ಟು ಹಳೆಯದನ್ನು ಎಲ್ಲರ ಫೋನಿನಿಂದ ಅಳಿಸಲು ಬರುವುದಿಲ್ಲ, ಬೇರೆಯವರು ಫಾರ್ವರ್ಡ್ ಮಾಡಿದ್ದಂತೂ ನಮ್ಮ ಕೈಯಲ್ಲಿಲ್ಲ. ಅದಕ್ಕೆ ತಿದ್ದುಪಡಿಯನ್ನು ಚಿತ್ರ ಮಾಡದೆ ಬರೀ ಅಕ್ಷರದಲ್ಲಿ ಹಾಕಿದೆವು. ತೆರೆಯದೆಯೇ ಮೊದಲ ಸಾಲು ಕಾಣುತ್ತದೆ, ಅಲ್ಲೇ ಭಾನುವಾರ, 31 ಇದೆ. ತಪ್ಪು ಕಾರ್ಡಿನ ಫೋಟೋದ ಮೇಲೆ ಕೆಂಪು ಗೀಟು ಎಳೆದು ಹಾಕೋಣ ಅಂದ ಒಬ್ಬ ಹುಡುಗ. ಬೇಡಪ್ಪಾ, ಆ ಕಾರ್ಡು ಇನ್ನೊಂದು ಸಲ ಊರು ಸುತ್ತುವುದು ಬೇಡ ಅಂದೆ.

ಉಳಿದಿದ್ದು 40 ಕಾರ್ಡು. ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ಸಿಕ್ಕಸಿಕ್ಕವರಿಗೆ ಕೊಟ್ಟಿದ್ದು. ಯಾರಿಗೆ ಅಂತ ಗೊತ್ತಿಲ್ಲ. ಹಾಲಿನ ಡೈರಿಯ ಗೋಡೆಗೆ, ರೇಷನ್ ಅಂಗಡಿಗೆ ಪ್ರಕಟಣೆ ಅಂಟಿಸಿದೆವು. ಅನುಮತಿ ತೆಗೆದುಕೊಂಡು 28 ಮತ್ತು 29ರಂದು ಆಟೋದಲ್ಲಿ ಮೈಕ್ ಕಟ್ಟಿ ಹೇಳಿಸಿದೆವು. ಮೈಕಿನ ಹುಡುಗನಿಗೆ ಬರೆದುಕೊಟ್ಟಿದ್ದರಲ್ಲಿ 30 ಅನ್ನುವ ಅಂಕೆಯೇ ಇರಲಿಲ್ಲ. ಓಡುವ ಆಟೋದ ಮೈಕು ಕಿವಿಗೆ ಬೀಳುವುದು ಅರ್ಧ ವಾಕ್ಯ, ಬಿದ್ದ ಅರ್ಧದಲ್ಲಿ 30 ಇದ್ದರೆ ಮುಗೀತು. "ಬರುವ ಭಾನುವಾರ ವಿಸರ್ಜನೆ, ಭಾನುವಾರ ಮಧ್ಯಾಹ್ನ ಊಟ" ಇಷ್ಟೇ, ತಿರುಗಿ ತಿರುಗಿ.

ಇಷ್ಟಾದರೂ ಎಲ್ಲರನ್ನೂ ಮುಟ್ಟುವುದಿಲ್ಲ ಅಂತ ಗೊತ್ತಿತ್ತು. 30ರ ಶನಿವಾರ ಬೆಳಿಗ್ಗೆ ಹನ್ನೊಂದರಿಂದ ಇಬ್ಬರು ಹುಡುಗರನ್ನು ಪೆಂಡಾಲಿನಲ್ಲಿ ಕೂರಿಸಿದೆ. ಭಟ್ಟರಿಗೆ ಹೇಳಿ ಇಪ್ಪತ್ತು ಜನಕ್ಕೆ ಆಗುವಷ್ಟು ಪುಳಿಯೋಗರೆ ಮಾಡಿಸಿದ್ದೆ. ಹನ್ನೆರಡೂವರೆಗೆ ಸರಿಯಾಗಿ ಪಕ್ಕದ ಹಳ್ಳಿಯಿಂದ ಒಂದು ಆಟೋ ಬಂತು, ಏಳು ಜನ. ಹಿರಿಯರೊಬ್ಬರು ಜೇಬಿನಿಂದ ಮಡಚಿದ ಕಾರ್ಡು ತೆಗೆದರು, ಸ್ಟಿಕ್ಕರ್ ಇಲ್ಲದ್ದು. ಸಂತೆಯಲ್ಲಿ ಸಿಕ್ಕಿದ್ದಂತೆ. ನಾನು ತಪ್ಪಾಯಿತು ಅಂದೆ, ಹೇಗಾಯಿತು ಅಂತಲೂ ಹೇಳಿದೆ. "ಅಯ್ಯೋ ಬಿಡಪ್ಪ, ಗಣಪತಿ ಇಲ್ಲೇ ಇದಾನಲ್ಲ" ಅಂತ ಕೈಮುಗಿದು, ಪುಳಿಯೋಗರೆ ತಿಂದು, ಏಳೂ ಜನ ಭಾನುವಾರಕ್ಕೆ ಮತ್ತೆ ಬರುತ್ತೇವೆ ಅಂದರು. ಬಂದಿದ್ದು ಐದು ಜನ. ಆಟೋ ಬಾಡಿಗೆ ಎರಡು ಸಲ ಆಯ್ತಲ್ಲ ಅವರಿಗೆ, ಅದನ್ನು ಸಮಿತಿಯಿಂದ ಕೊಡಿಸೋಣ ಅಂತ ನನಗೆ ಹೊಳೆದಿದ್ದು ಅವರು ಹೊರಟುಹೋದ ಮೇಲೆ.