ಡೆಮೊ ಕೇಳಿದವರಿಗೆ "ನೋಡೋಣ" ಅನ್ನಬೇಡಿ

ಶಿರಸಿಯಲ್ಲಿ ನಮ್ಮದು ಸಣ್ಣ ಹಾರ್ಡ್‌ವೇರ್ ಅಂಗಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ತೋರಿಸುತ್ತೇವೆ ಎಂದು ಆಗಾಗ ಫೋನ್ ಬರುತ್ತದೆ. ಮೊದಲೆಲ್ಲ ದಾಕ್ಷಿಣ್ಯಕ್ಕೆ "ಅಡಿಕೆ ಕೊನೆಕೊಯ್ಲು ಮುಗಿಯಲಿ, ನೋಡೋಣ" ಎನ್ನುತ್ತಿದ್ದೆ. ಅವರ ಪಟ್ಟಿಯಲ್ಲಿ ಅದು "ಆಸಕ್ತಿ ಇದೆ" ಎಂದೇ ಸೇರುತ್ತದೆ. ಕೊಯ್ಲು ಮುಗಿದ ವಾರವೇ ಮತ್ತೆ ಫೋನ್! ತಪ್ಪು ನನ್ನದೇ ಅಲ್ವಾ?

ಈಗ ಬೇಡವಾದರೆ ವಾಟ್ಸಾಪ್‌ನಲ್ಲಿ ಇಷ್ಟೇ ಬರೆಯುತ್ತೇನೆ: "ನಮಸ್ಕಾರ. ಈಗಿರುವುದೇ ಸಾಕು, ಡೆಮೊ ಬೇಡ. ದಯವಿಟ್ಟು ನನ್ನ ನಂಬರ್ ಪಟ್ಟಿಯಿಂದ ತೆಗೆದುಬಿಡಿ." ಸುಮ್ನೆ ಕಾರಣ ಹೇಳಲು ಹೋಗಬೇಡಿ. "ರೇಟು ಜಾಸ್ತಿ" ಎಂದರೆ ರಿಯಾಯಿತಿ ಕೊಡುತ್ತಾರೆ, "ಟೈಮಿಲ್ಲ" ಎಂದರೆ ಬೇರೆ ದಿನ ಕೇಳುತ್ತಾರೆ.

ನಿಜಕ್ಕೂ ನೋಡಬೇಕು ಅನಿಸಿದರೆ ಹೀಗೆ: "ನೋಡಬಹುದು. ಮೊದಲ ವರ್ಷದ ದರ, ಆಮೇಲೆ ವರ್ಷ ವರ್ಷ ಕಟ್ಟಬೇಕಾದ ದರ, ಎರಡನ್ನೂ ಮೊದಲೇ ಕಳಿಸಿ. ಬುಧವಾರ ಮಧ್ಯಾಹ್ನ 3ಕ್ಕೆ 20 ನಿಮಿಷ ಕೊಡುತ್ತೇನೆ. ನನ್ನದೇ ಒಂದು ಬಿಲ್ ಹಾಕಿ ತೋರಿಸಿ."

ಕೊನೆಯ ಸಾಲೇ ಮುಖ್ಯ. ಒಮ್ಮೆ ಡೆಮೊ ತೋರಿಸಿದವರಿಗೆ ನಾನು ಕೊಟ್ಟ ಬಿಲ್ಲಿನಲ್ಲಿ ಪೈಪು ಮೀಟರಿನಲ್ಲಿತ್ತು, ಮೊಳೆ ಕೆಜಿಯಲ್ಲಿತ್ತು, ಗಿರಾಕಿ ವಾಪಸ್ ತಂದ ಒಂದು ನಲ್ಲಿಯೂ ಇತ್ತು. ಆ ನಲ್ಲಿಯಲ್ಲೇ ಅವರು ತಡವರಿಸಿದರು. ಅಂದೇ "ಬೇಡ" ಎಂದು ಬರೆದು ಕಳಿಸಿದೆ. ಅಂದಹಾಗೆ, ಡೆಮೊಗೆ ಒಟಿಪಿ ಅಥವಾ ಜಿಎಸ್‌ಟಿ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.