ತಯಾರಾದ ಸರಕಿನ ವೆಚ್ಚ: ಖರೀದಿಯಲ್ಲ, ಬಳಕೆ ಹಿಡಿಯಿರಿ

ತಯಾರಿಕಾ ಘಟಕಗಳ ಲೆಕ್ಕ ಬರೆಯುವವರು ವರ್ಷದ ಖರೀದಿಯನ್ನೇ ಸಾಮಗ್ರಿ ವೆಚ್ಚವೆಂದು ಹಿಡಿಯಬಾರದು. ಬೇಕಾದದ್ದು ಬಳಕೆಯಾದ ಸಾಮಗ್ರಿಯ ಮೌಲ್ಯ. ಆರಂಭಿಕ ದಾಸ್ತಾನು 2,00,000 ರೂಪಾಯಿ, ಖರೀದಿ 9,00,000, ಅಂತಿಮ ದಾಸ್ತಾನು 1,50,000 ಎಂದಾದರೆ ಬಳಕೆ 9,50,000 ಆಗುತ್ತದೆ. ಮರಳಿ ಪಡೆಯಬಹುದಾದ ಜಿಎಸ್‌ಟಿಯನ್ನು ಖರೀದಿಯಲ್ಲಿ ಸೇರಿಸದೆ, ಸಾಮಗ್ರಿ ತರಿಸಿದ ಸಾಗಣೆ ವೆಚ್ಚವನ್ನು ಸೇರಿಸಬೇಕು.

ಇದಕ್ಕೆ ನೇರ ಕೂಲಿ 4,00,000 ಮತ್ತು ಕಾರ್ಖಾನೆಯ ಓವರ್‌ಹೆಡ್ 3,00,000 ಕೂಡಿಸಿದರೆ 16,50,000. ಯಂತ್ರದ ಸವಕಳಿ, ಕಾರ್ಖಾನೆಯ ವಿದ್ಯುತ್ತು, ಮೇಲ್ವಿಚಾರಕರ ಸಂಬಳ ಓವರ್‌ಹೆಡ್‌ಗೆ ಸೇರುತ್ತವೆ; ಮಾರಾಟದ ಕಮಿಷನ್ನು ಮತ್ತು ಆಡಳಿತ ಕಚೇರಿಯ ಬಾಡಿಗೆ ಸೇರುವುದಿಲ್ಲ. ಒಂದೇ ವಿದ್ಯುತ್ ಮೀಟರ್ ಇರುವಲ್ಲಿ ಬಿಲ್ಲನ್ನು ಸಮಂಜಸ ಆಧಾರದ ಮೇಲೆ ಹಂಚುವುದು ಅಗತ್ಯ.

ಹೆಚ್ಚಿನ ತಪ್ಪು ನಡೆಯುವುದು ಕೊನೆಯ ಹಂತದಲ್ಲಿ, ಅಂದರೆ ಅರೆಸಿದ್ಧ ಸರಕಿನ ಹೊಂದಾಣಿಕೆಯಲ್ಲಿ. ಆರಂಭದ ಅರೆಸಿದ್ಧ ಸರಕು 1,20,000 ಕೂಡಿಸಿ, ಕೊನೆಯಲ್ಲಿ ಉಳಿದ 1,70,000 ಕಳೆದರೆ ತಯಾರಾದ ಸರಕಿನ ವೆಚ್ಚ 16,00,000 ರೂಪಾಯಿ. ಕೊನೆಯ ಅರೆಸಿದ್ಧ ಸರಕಿಗೆ ಸಾಮಗ್ರಿಯ ಬೆಲೆಯನ್ನಷ್ಟೇ ಕಟ್ಟಿ, ಅದಕ್ಕೆ ತಗಲಿದ ಕೂಲಿ ಮತ್ತು ಓವರ್‌ಹೆಡ್ ಬಿಟ್ಟರೆ ಈ ಮೊತ್ತ ಅನಗತ್ಯವಾಗಿ ಏರುತ್ತದೆ. ಸಿದ್ಧ ಸರಕಿನ ದಾಸ್ತಾನನ್ನು ಇಲ್ಲಿ ಮುಟ್ಟಬೇಡಿ. ಅದು ಮಾರಾಟವಾದ ಸರಕಿನ ವೆಚ್ಚ ತೆಗೆಯುವಾಗ ಬರುತ್ತದೆ.