ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಪುಟ್ಟ ಡಬ್ಬಿ: ಮಕ್ಕಳಿಗೆ ನಾನು ಸರಿಹಿಟ್ಟು ಮಾಡಿದ ಬಗೆ

ಸರಿಹಿಟ್ಟು ಅಂದ ಕೂಡಲೇ ಹತ್ತಾರು ಬಗೆಯ ಧಾನ್ಯ, ಬೇಳೆ, ಬಾದಾಮಿ, ಏಲಕ್ಕಿ ಎಲ್ಲವನ್ನೂ ಹುರಿದು, ಒಟ್ಟಿಗೆ ಬೀಸಿ, ದೊಡ್ಡ ಡಬ್ಬಿ ತುಂಬಿಡುವವರೇ ಹೆಚ್ಚು. ನಾನು ಹಾಗೆ ಮಾಡಲಿಲ್ಲ. ನನ್ನ ಇಬ್ಬರು ಮಕ್ಕಳಿಗೂ ಅಕ್ಕಿ, ರಾಗಿ, ಗೋಧಿ, ಹೆಸರುಬೇಳೆ ಇವನ್ನು ಒಂದೊಂದಾಗಿ ಹುರಿದು, ಒಂದೊಂದನ್ನೂ ಅದರದೇ ಪುಟ್ಟ ಡಬ್ಬಿಯಲ್ಲಿಟ್ಟು, ಬೇಯಿಸುವಾಗ ಪಾತ್ರೆಯಲ್ಲೇ ಬೆರೆಸುತ್ತಿದ್ದೆ. ಕೆಲಸ ಸ್ವಲ್ಪ ಹೆಚ್ಚು. ಆದರೆ ಶುಚಿ, ರುಚಿಯ ಬದಲಾವಣೆ, ಉಪ್ಪು ಸಕ್ಕರೆ ಇಲ್ಲದೆ ಮಗು ತಿನ್ನುವುದು, ಈ ಮೂರೂ ನನಗೆ ಸುಲಭವಾದದ್ದು ಈ ಬೇರೆ ಬೇರೆ ಡಬ್ಬಿಗಳಿಂದಲೇ.

ಮೊದಲ ಕಾರಣ ಬಾಣಲೆಯಲ್ಲೇ ಕಾಣುತ್ತದೆ. ಒಂದೊಂದು ಕಾಳೂ ಹುರಿಯಲು ಹಿಡಿಯುವ ಹೊತ್ತು ಬೇರೆ. ತೊಳೆದು, ಬಟ್ಟೆಯ ಮೇಲೆ ಹರಡಿ, ಅಂಗೈಗೆ ಅಂಟದಷ್ಟು ಒಣಗಿದ ಅಕ್ಕಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮೊದಲು ಮಂಕು ಬಿಳುಪಾಗುತ್ತದೆ, ಆಮೇಲೆ ಸ್ವಲ್ಪ ಉಬ್ಬುತ್ತದೆ. ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರೆ ಪಟ್ಟನೆ ಮುರಿಯಬೇಕು. ಹಲ್ಲಿಗೆ ಮೆತ್ತಿದರೆ ಒಳಗೆ ಇನ್ನೂ ತೇವ ಇದೆ. ಹೆಸರುಬೇಳೆ ಬೇಗ ಬಣ್ಣ ತಿರುಗುತ್ತದೆ. ಹಳದಿ ಹೋಗಿ ತಿಳಿ ಹೊಂಬಣ್ಣ ಬಂದು, ಹಸಿ ವಾಸನೆ ಅಡಗಿ ಘಮ ಎದ್ದ ಕೂಡಲೇ ಇಳಿಸಬೇಕು. ರಾಗಿ ಚಟಪಟ ಸಿಡಿಯತೊಡಗಿದಾಗ ಹದ. ಮೂರನ್ನೂ ಒಟ್ಟಿಗೆ ಹಾಕಿದರೆ ಅಕ್ಕಿ ಹದಕ್ಕೆ ಬರುವಷ್ಟರಲ್ಲಿ ಬೇಳೆ ಕಂದಿರುತ್ತದೆ. ಬೇಳೆ ನೋಡಿ ಇಳಿಸಿದರೆ ಅಕ್ಕಿ ಹಸಿಯಾಗಿ ಉಳಿಯುತ್ತದೆ. ಹಸಿ ಉಳಿದ ಬೇಳೆ ಮಗುವಿಗೆ ಸುಲಭವಾಗಿ ಅರಗುವುದಿಲ್ಲ. ಕಪ್ಪಗಾಗುವಂತೆ ಹುರಿದರೆ ಕಹಿ ಬರುವುದಷ್ಟೇ ಅಲ್ಲ, ಬೇಳೆಯಿಂದ ಸಿಗಬೇಕಾದ ಲೈಸಿನ್ ಎಂಬ ಪ್ರೋಟೀನಿನ ಅಂಶವೂ ಹಾಳಾಗುತ್ತದೆ. ಧಾನ್ಯದಲ್ಲಿ ಲೈಸಿನ್ ಕಡಿಮೆ, ಅದನ್ನು ತುಂಬಿಕೊಡಲೆಂದೇ ನಾವು ಬೇಳೆ ಸೇರಿಸುವುದು.

ಹುರಿದದ್ದನ್ನು ಅಗಲವಾದ ತಟ್ಟೆಗೆ ಸುರಿದು ಪೂರ್ತಿ ಆರಲು ಬಿಡುತ್ತಿದ್ದೆ. ಬೆಚ್ಚಗಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರುತ್ತದೆ, ಆ ಹನಿಗಳು ಸಾಕು ಬೂಷ್ಟು ಹಿಡಿಯಲು. ಬೀಸಿದ ಹಿಟ್ಟಿಗೂ ಇದೇ ಮಾತು, ಬೀಸುವಾಗ ಅದು ಮತ್ತೆ ಬಿಸಿಯಾಗುತ್ತದೆ. ನಾನು ಮಿಕ್ಸಿಯಲ್ಲೇ ಪುಡಿ ಮಾಡಿ ಸಣ್ಣ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯುತ್ತಿದ್ದೆ. ಗಿರಣಿಗೆ ಕೊಡುವುದಾದರೆ ನಮಗಿಂತ ಮುಂಚೆ ಬೀಸಿದ್ದು ಮೆಣಸಿನಕಾಯಿಯೋ ಗೋಧಿಯೋ ಗೊತ್ತಿರುವುದಿಲ್ಲ. ಅದಕ್ಕೇ ಮೊದಲು ಒಂದಷ್ಟು ಅಕ್ಕಿ ಹಾಕಿಸಿ, ಆ ಹಿಟ್ಟನ್ನು ಬೇರೆ ತೆಗೆದಿಟ್ಟು, ಆಮೇಲೆ ಮಗುವಿನದನ್ನು ಹಾಕಿಸಬೇಕು. ಇಷ್ಟು ಮಾಡಿದರೂ ಗೋಧಿ ಒಗ್ಗದ ಮಗುವಿಗೆ ಗಿರಣಿಯ ಹಿಟ್ಟು ಬೇಡ, ಕಲ್ಲಿನಲ್ಲಿ ಉಳಿದದ್ದು ಪೂರ್ತಿ ಹೋಗುವುದಿಲ್ಲ.

ಒಂದು ಸಲಕ್ಕೆ ನಾನು ಮಾಡುತ್ತಿದ್ದದ್ದು ಅಕ್ಕಿ 150 ಗ್ರಾಂ, ರಾಗಿ 150 ಗ್ರಾಂ, ಹೆಸರುಬೇಳೆ 100 ಗ್ರಾಂ. ದಿನಕ್ಕೆ ಎರಡು ಹೊತ್ತು ಕೊಟ್ಟರೆ ಸುಮಾರು ಎರಡು ವಾರದಲ್ಲಿ ಮುಗಿಯುವ ಲೆಕ್ಕ. ಗೋಧಿಯ ಸರದಿ ಬಂದಾಗ ಅಕ್ಕಿ ಕಡಿಮೆ ಮಾಡುತ್ತಿದ್ದೆ. ಶೇಂಗಾ, ಬಾದಾಮಿಯ ಪುಡಿಯನ್ನು ಹಿಟ್ಟಿಗೆ ಬೆರೆಸಲೇ ಇಲ್ಲ. ಅವುಗಳ ಎಣ್ಣೆ ಬೇಗ ಕಮಟುತ್ತದೆ, ಒಂದು ಹಿಡಿ ಪುಡಿಗಾಗಿ ಇಡೀ ಡಬ್ಬಿ ಹಾಳಾಗುತ್ತದೆ. ಬೇಕಾದಾಗ ಎರಡು ಮೂರು ದಿನಕ್ಕಾಗುವಷ್ಟು ಮಾತ್ರ ನುಣ್ಣಗೆ ಪುಡಿ ಮಾಡಿ ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಇಡೀ ಕಾಳನ್ನಾಗಲಿ ತುಂಡನ್ನಾಗಲಿ ಈ ವಯಸ್ಸಿನಲ್ಲಿ ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಬೇರೆ ಬೇರೆ ಡಬ್ಬಿಯ ಎರಡನೆಯ ಲಾಭ ಮಗುವಿಗೆ ಮೊದಲ ತುತ್ತು ಕೊಡುವಾಗ ತಿಳಿಯಿತು. ಆರು ತಿಂಗಳು ತುಂಬಿದ ಮೇಲೆ, ಎದೆಹಾಲು ಮುಂದುವರಿಸಿಕೊಂಡೇ, ಮೊದಲು ಅಕ್ಕಿಹಿಟ್ಟಿನ ಸರಿ ಮಾತ್ರ ಎರಡು ಮೂರು ಚಮಚ ಕೊಟ್ಟೆ. ಮೂರು ನಾಲ್ಕು ದಿನ ಒಗ್ಗಿದ್ದು ನೋಡಿಕೊಂಡು ಅದಕ್ಕೆ ಹೆಸರುಬೇಳೆ, ಮತ್ತೆ ಕೆಲವು ದಿನ ಬಿಟ್ಟು ರಾಗಿ, ಆಮೇಲೆ ಗೋಧಿ. ಗೋಧಿಯ ದಿನ ಮಗಳ ಬಾಯಿಯ ಸುತ್ತ ಕೆಂಪು ಗುಳ್ಳೆ ಎದ್ದಾಗ ಅದು ಯಾವುದರಿಂದ ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ, ಆ ವಾರದ ಹೊಸದು ಅದೊಂದೇ. ಗೋಧಿ ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಿದೆವು. ಹದಿನೈದು ಬಗೆ ಬೆರೆತ ಹಿಟ್ಟಾಗಿದ್ದರೆ ಡಬ್ಬಿಯನ್ನೇ ಬಿಸಾಡಬೇಕಿತ್ತು, ಕಾರಣವೂ ತಿಳಿಯುತ್ತಿರಲಿಲ್ಲ. ತುಟಿ ಊದಿದರೆ, ಉಸಿರಿಗೆ ತೊಂದರೆಯಾದರೆ ಕಾಯುವ ಮಾತಿಲ್ಲ, ತಕ್ಷಣ ಆಸ್ಪತ್ರೆ.

ಈಗ ಒಂದು ಹೊತ್ತಿನ ಸರಿ ಹೇಗೆ ಅಂತ ಹೇಳುತ್ತೇನೆ. ಏಳೆಂಟು ತಿಂಗಳ ಮಗುವಿಗೆ ಒಂದೂವರೆ ಟೇಬಲ್ ಚಮಚ ರಾಗಿ ಅಥವಾ ಅಕ್ಕಿಯ ಹಿಟ್ಟು, ಅರ್ಧ ಟೇಬಲ್ ಚಮಚ ಹೆಸರುಬೇಳೆ ಹಿಟ್ಟು. ಅಂದರೆ ಧಾನ್ಯ ಮೂರು ಪಾಲು, ಬೇಳೆ ಒಂದು ಪಾಲು. 150 ಮಿಲಿ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಒಲೆಗೆ. ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ, ಕೊತಕೊತ ಕುದಿ ಬಂದ ಮೇಲೂ ಏಳೆಂಟು ನಿಮಿಷ ಬೇಯಿಸಬೇಕು. ಹುರಿದ ಹಿಟ್ಟಲ್ಲವೇ, ಬಿಸಿನೀರಿಗೆ ಕಲಸಿ ಕೊಟ್ಟರಾಯಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುರಿದ ಮೇಲೂ ಧಾನ್ಯದಲ್ಲಿ ಕೆಲವು ಸೂಕ್ಷ್ಮಾಣುಗಳು ಉಳಿಯುತ್ತವೆ, ಬೀಸುವಾಗ, ಜರಡಿ ಹಿಡಿಯುವಾಗ ಕೈಯಿಂದ ಇನ್ನಷ್ಟು ಸೇರುತ್ತವೆ. ಪೂರ್ತಿ ಬೆಂದರೇ ಅದು ಮಗುವಿನ ಊಟ. ಬೇಯಿಸಿದ್ದನ್ನು ಆರಿದ ಕೂಡಲೇ ಉಣಿಸಿ, ತಟ್ಟೆಯಲ್ಲಿ ಉಳಿದದ್ದನ್ನು ಮುಂದಿನ ಹೊತ್ತಿಗೆ ಇಡಬಾರದು. ಕುದಿಸಿದರೂ ಸಾಯದ ಬೀಜಕಣಗಳು ಉಗುರುಬೆಚ್ಚಗಿನ ಸರಿಯಲ್ಲಿ ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೆ ಆ ವಿಷ ಹೋಗುತ್ತದೆಂಬ ಭರವಸೆಯಿಲ್ಲ.

ಸರಿ ಎಷ್ಟು ಗಟ್ಟಿಯಿರಬೇಕು ಎಂಬುದು ಎಷ್ಟೋ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ. ಚಮಚ ಓರೆ ಮಾಡಿದರೆ ನಿಧಾನವಾಗಿ ಜಾರಿ ಬೀಳಬೇಕು, ನೀರಿನಂತೆ ಹರಿಯಬಾರದು. ಹರಿಯುವ ಸರಿಯಲ್ಲಿ ಹೆಚ್ಚಿನದು ನೀರೇ. ಮಗುವಿನ ಹೊಟ್ಟೆ ಚಿಕ್ಕದು, ನೀರಿಗೇ ತುಂಬಿಹೋಗಿ ಬೇಕಾದಷ್ಟು ಶಕ್ತಿ ಸಿಗುವುದಿಲ್ಲ. ಆದರೆ ಗಟ್ಟಿ ಸರಿಯನ್ನು ಕೆಲವು ಮಕ್ಕಳು ಉಗಿಯುತ್ತವೆ. ಇದಕ್ಕೆ ಮೊಳಕೆ ರಾಗಿಯ ಹಿಟ್ಟು ಒಳ್ಳೆಯ ಉಪಾಯ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಇಣುಕಿದಾಗ ಚೆನ್ನಾಗಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಬೆಚ್ಚಗಾಗುವಷ್ಟೇ ಹುರಿದು ಪುಡಿ ಮಾಡಬೇಕು. ಹೆಚ್ಚು ಹುರಿದರೆ ಅದರ ಗುಣವೇ ಹೋಗುತ್ತದೆ. ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಬೇಯಿಸಿದ ಸರಿಯನ್ನು ಒಲೆಯಿಂದ ಇಳಿಸಿ, ಕುದಿ ತಣಿದ ಮೇಲೆ, ಇನ್ನೂ ಬಿಸಿಯಿರುವಾಗ ಈ ಪುಡಿ ಅರ್ಧ ಟೀ ಚಮಚ ಹಾಕಿ ತಿರುವಿ ನೋಡಿ. ಕೆಲವೇ ನಿಮಿಷದಲ್ಲಿ, ಒಂದು ಹನಿ ನೀರು ಸೇರಿಸದೆ, ಅದು ಸಡಿಲಾಗಿ ಚಮಚದಿಂದ ಜಾರತೊಡಗುತ್ತದೆ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ ಹೀಗಾಗುತ್ತದೆ. ಹಿಟ್ಟಿನ ಶಕ್ತಿ ಅಷ್ಟೇ ಉಳಿಯುತ್ತದೆ, ನುಂಗುವುದು ಸುಲಭ. ಮೊಳಕೆ ಕಟ್ಟಿದ ಬೆಚ್ಚಗಿನ ಒದ್ದೆ ಬಟ್ಟೆ ಸೂಕ್ಷ್ಮಾಣುಗಳಿಗೂ ಪ್ರಿಯವಾದ ಜಾಗ, ಆದ್ದರಿಂದ ಸಡಿಲಾದ ಮೇಲೆ ಸರಿಯನ್ನು ಮತ್ತೊಮ್ಮೆ ಚೆನ್ನಾಗಿ ಕುದಿಸಿಯೇ ಕೊಡಬೇಕು.

ಉಪ್ಪು ಸಕ್ಕರೆಯ ವಿಚಾರದಲ್ಲಿ ಹೆಚ್ಚು ಮಾತು ಕೇಳಬೇಕಾಯಿತು. ಅತ್ತೆ ಒಂದು ದಿನ ಪಾತ್ರೆಯಿಂದ ಚೂರು ಬಾಯಿಗೆ ಹಾಕಿಕೊಂಡು, "ಏನಮ್ಮಾ ಇದು, ಇಷ್ಟು ಸಪ್ಪೆ? ಕೂಸು ಹೇಗೆ ತಿನ್ನುತ್ತೆ? ಒಂದು ಹರಳು ಉಪ್ಪಾದ್ರೂ ಹಾಕು, ಇಲ್ಲಾ ಸ್ವಲ್ಪ ಬೆಲ್ಲ ಹಾಕು" ಅಂದರು. "ಅತ್ತೆ, ಸಪ್ಪೆ ಅಂತ ಅನ್ನಿಸೋದು ನಮ್ಮ ನಾಲಿಗೆಗೆ. ಅದಿನ್ನೂ ಉಪ್ಪಿನ ರುಚಿಯನ್ನೇ ನೋಡಿಲ್ಲ, ಅದಕ್ಕೆ ಗೊತ್ತಿರೋದು ಹಾಲಿನ ರುಚಿ ಒಂದೇ. ಒಂದು ವಾರ ನೋಡೋಣ" ಅಂದೆ. ಅವರು ನೋಡಿದರು, ಮಗಳು ತಿಂದಳು. ಒಂದು ವರ್ಷದೊಳಗಿನ ಮಗುವಿನ ಮೂತ್ರಪಿಂಡಗಳಿಗೆ ಹೆಚ್ಚು ಉಪ್ಪನ್ನು ಹೊರಹಾಕುವ ಬಲವಿಲ್ಲ. ದಿನಕ್ಕೆ ಒಂದು ಗ್ರಾಂ ಉಪ್ಪಿನೊಳಗೇ ಇರಬೇಕು ಎಂಬ ಮಿತಿಯಿದೆ, ಬೇಕಾದ ಸೋಡಿಯಂ ಹಾಲಿನಲ್ಲಿ, ಆಹಾರದಲ್ಲಿ ತಾನಾಗಿಯೇ ಸಿಗುತ್ತದೆ. ಸಕ್ಕರೆಯನ್ನು ಎರಡು ವರ್ಷದವರೆಗೂ ಸೇರಿಸದಿರುವುದು ಒಳ್ಳೆಯದು. ಬೆಲ್ಲ, ಕಲ್ಲುಸಕ್ಕರೆಯೂ ಸಕ್ಕರೆಯೇ. ಉತ್ತುತ್ತೆ ಪುಡಿಯನ್ನೂ ನಾನು ಹಿಟ್ಟಿಗೆ ಬೆರೆಸಲಿಲ್ಲ. ಅದು ತೇವ ಎಳೆದುಕೊಂಡು ಹಿಟ್ಟನ್ನು ಗಂಟುಗಟ್ಟಿಸುತ್ತದೆ, ದಿನವೂ ಎಲ್ಲ ತುತ್ತೂ ಸಿಹಿಯಾಗಿರಬೇಕೆಂಬ ಅಭ್ಯಾಸವನ್ನೂ ಕಲಿಸುತ್ತದೆ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೂ ಸವರಬಾರದು, ಬಾಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ತರುವ ಬೀಜಕಣಗಳು ಅದರಲ್ಲಿ ಇರಬಹುದು.

ಹಾಗಾದರೆ ರುಚಿ ಎಲ್ಲಿಂದ? ಅದಕ್ಕೇ ನಾಲ್ಕು ಡಬ್ಬಿ. ಬೆಳಿಗ್ಗೆ ರಾಗಿ ಮತ್ತು ಹೆಸರುಬೇಳೆ, ಜೊತೆಗೆ ಕಿವುಚಿದ ಬಾಳೆಹಣ್ಣು. ಸಂಜೆ ಅಕ್ಕಿ ಮತ್ತು ಬೇಳೆ, ಜೊತೆಗೆ ಬೇಯಿಸಿ ನುರಿದ ಕುಂಬಳಕಾಯಿ, ಅರ್ಧ ಟೀ ಚಮಚ ತುಪ್ಪ. ಮಾರನೆಯ ದಿನ ಬೇರೆ ಜೋಡಿ. ಹದವಾಗಿ ಹುರಿದ ಬೇಳೆಯ ಘಮವೇ ಒಂದು ರುಚಿ. ಹೊಸ ತರಕಾರಿಗೆ ಮಗು ಮುಖ ಸಿಂಡರಿಸಿದರೆ ಬಲವಂತ ಮಾಡದೆ, ಎರಡು ದಿನ ಬಿಟ್ಟು ಮತ್ತೆ ಒಂದು ಚಮಚ ಕೊಡುತ್ತಿದ್ದೆ. ಬೀಟ್‌ರೂಟನ್ನು ಮಗ ಎಷ್ಟೋ ಸಲ ಉಗಿದ ಮೇಲೆ ತಾನಾಗಿಯೇ ಬಾಯಿ ತೆರೆದ.

ಡಬ್ಬಿಯೊಳಗಿನ ಚಮಚ ಯಾವಾಗಲೂ ಒಣಗಿರಬೇಕು, ಒಲೆಯ ಹಬೆಯ ಮೇಲೆ ಡಬ್ಬಿ ಹಿಡಿದು ಹಿಟ್ಟು ಸುರಿಯಬಾರದು. ಹಾಳಾದದ್ದು ಮೂಗಿಗೇ ತಿಳಿಯುತ್ತದೆ. ಮುಗ್ಗು ವಾಸನೆ ಬಂದರೆ ಬೂಷ್ಟು, ಹಳೇ ಎಣ್ಣೆಯ ಕಮಟು ಬಂದರೆ ಹಿಟ್ಟಿನ ಕೊಬ್ಬು ಕೆಟ್ಟಿದೆ. ಚಮಚಕ್ಕೆ ಜೇಡರ ಬಲೆಯಂಥ ಎಳೆ ಸಿಕ್ಕಿದರೆ ಹುಳು ಬಿದ್ದಿದೆ. ಮತ್ತೆ ಹುರಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಬೂಷ್ಟಿನ ವಿಷ ಬಾಣಲೆಯ ಬಿಸಿಗೆ ಅಳಿಯುವುದಿಲ್ಲ.

ಸರಿಹಿಟ್ಟಿಗೂ ಒಂದು ಮಿತಿಯಿದೆ. ಧಾನ್ಯ, ಬೇಳೆಯಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ, ಹುಟ್ಟುವಾಗ ತಂದುಕೊಂಡ ಸಂಗ್ರಹವೂ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ. ಹಾಗಾಗಿ ಕಿತ್ತಳೆಯಂಥ ಹುಳಿಹಣ್ಣನ್ನು ಅದೇ ಊಟದ ಜೊತೆ ಕೊಟ್ಟರೆ ಕಬ್ಬಿಣ ಹೆಚ್ಚು ಹಿಡಿಯುತ್ತದೆ, ತಿನ್ನುವ ಮನೆಯವರು ಮೊಟ್ಟೆ, ಮಾಂಸವನ್ನೂ ಮೆತ್ತಗೆ ಬೇಯಿಸಿ ಕೊಡಬಹುದು. ದಿನ ತುಂಬುವ ಮುಂಚೆ ಹುಟ್ಟಿದ ಮಗುವಿಗೆ ಕಬ್ಬಿಣದ ಹನಿ ಬೇಕೇ ಎಂದು ವೈದ್ಯರನ್ನೇ ಕೇಳಬೇಕು. ಎಂಟು ತಿಂಗಳು ದಾಟಿದ ಮೇಲೆ ನಾನು ನುಣ್ಣನೆಯ ಹಿಟ್ಟು ಬಿಟ್ಟು, ಅದೇ ಹುರಿದ ಅಕ್ಕಿ ಬೇಳೆಯನ್ನು ಸಣ್ಣ ರವೆಯಾಗಿ ಒಡೆದುಕೊಂಡೆ. ವಾರ ವಾರಕ್ಕೂ ತುಸು ತರಿಯಾಗಿಸುತ್ತಾ ಹೋದೆ. ಒಂಬತ್ತು ಹತ್ತು ತಿಂಗಳಾದರೂ ನುಣ್ಣಗಿನದನ್ನೇ ಕೊಡುತ್ತಿದ್ದರೆ ಮಗು ಆಮೇಲೆ ಅಗಿಯುವ ಊಟಕ್ಕೆ ಹಟ ಮಾಡುತ್ತದೆ. ರವೆಗೆ ನೀರು ಸ್ವಲ್ಪ ಹೆಚ್ಚು ಬೇಕು, ಬೇಯಲು ಇನ್ನೂ ಐದು ನಿಮಿಷ ಹಿಡಿಯುತ್ತದೆ. ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿ, ಪೂರ್ತಿ ಮಿದುವಾಗಿದೆ ಅಂತ ಕಂಡ ಮೇಲೆಯೇ ಇಳಿಸಿ.